ಗಾಳಿ ಸರಿ ಇದ್ದರೂ ಟೈರ್ ನಡುವೆ ಸವೆಯುತ್ತಿದೆಯೇ? ರಿಮ್‌ನ ಅಗಲ ಅಳೆದು ನೋಡಿ

ಕೊಡಗಿನಲ್ಲಿ ಮಳೆಗಾಲ ಹತ್ತಿರ ಬಂತೆಂದರೆ ದಪ್ಪ ಟೈರ್ ಹಾಕಿಸುವವರು ಜಾಸ್ತಿ. ತೋಟದ ಒಳಗಿನ ಕೆಸರಿನ ದಾರಿ, ಮಾಂದಲಪಟ್ಟಿಯ ಕಲ್ಲಿನ ಏರು, ಹಳ್ಳ ದಾಟುವ ಜಾಗ ಇವೆಲ್ಲಕ್ಕೂ ದೊಡ್ಡ ಟೈರ್ ಬೇಕು ಅನ್ನಿಸುವುದು ಸಹಜ. ಆದರೆ ಹೆಚ್ಚಿನವರು ಟೈರ್ ಮಾತ್ರ ಬದಲಿಸುತ್ತಾರೆ. ರಿಮ್ ಕಂಪನಿಯಿಂದ ಬಂದದ್ದೇ ಇರುತ್ತದೆ. ಟೈರ್ ಆ ರಿಮ್ ಮೇಲೆ ಕೂರುತ್ತದೆ, ಗಾಳಿ ಹಿಡಿಯುತ್ತದೆ, ಗಾಡಿ ಓಡುತ್ತದೆ. ತೊಂದರೆ ಕಾಣಿಸುವುದು ಕೆಲವು ತಿಂಗಳ ನಂತರ. ಆಗ ಅಲೈನ್‌ಮೆಂಟ್, ಬ್ಯಾಲೆನ್ಸಿಂಗ್, ಸಸ್ಪೆನ್ಶನ್ ಎಲ್ಲವನ್ನೂ ದೂರುತ್ತಾರೆ. ರಿಮ್‌ನ ಅಗಲ ಮಾತ್ರ ಯಾರ ತಲೆಗೂ ಹೊಳೆಯುವುದಿಲ್ಲ.

ಪ್ರತಿ ಟೈರ್ ಅಳತೆಗೂ ಇಷ್ಟು ಇಂಚಿನಿಂದ ಇಷ್ಟು ಇಂಚಿನವರೆಗಿನ ರಿಮ್ ಸರಿ ಅಂತ ಒಂದು ಮಿತಿ ಇದೆ. ಆ ಮಿತಿಯಿಂದ ಹೊರಗೆ ಹೋದಾಗ ಏನಾಗುತ್ತದೆ, ಅದನ್ನು ಬೇರೆ ದೋಷಗಳಿಂದ ಬೇರ್ಪಡಿಸಿ ಗುರುತಿಸುವುದು ಹೇಗೆ ಅನ್ನುವುದನ್ನು ನಮ್ಮ ಅಂಗಡಿಗೆ ಬಂದ ಒಂದು ಗಾಡಿಯ ಮೂಲಕ ಹೇಳುತ್ತೇನೆ.

ಬಂದ ದೂರು

ನಾಪೋಕ್ಲು ಕಡೆಯ ಕಾಫಿ ಬೆಳೆಗಾರರೊಬ್ಬರ ಜಿಮ್ನಿ. ಈ ಗಾಡಿಗೆ ಕಂಪನಿಯಿಂದ ಬರುವ ಟೈರ್ 195/80 ಆರ್ 15, ರಿಮ್ 15 ಇಂಚಿನ 5.5 ಜೆ. ಅವರು ಬೇರೆ ಊರಿನ ಒಂದು ಟೈರ್ ಅಂಗಡಿಯಲ್ಲಿ 235/75 ಆರ್ 15 ಹಾಕಿಸಿದ್ದರು. ರಿಮ್ ಹಳೆಯದೇ.

ಅವರ ದೂರು ಮೂರು. ಹಿಂದಿನ ಎಡಗಡೆ ಚಕ್ರದ ಗಾಳಿ ವಾರದೊಳಗೆ ಇಳಿಯುತ್ತದೆ, ಆದರೆ ಎಲ್ಲಿ ಹುಡುಕಿದರೂ ಮೊಳೆ ಸಿಗುವುದಿಲ್ಲ. ನಾಲ್ಕೂ ಟೈರ್ ನಡುವಿನಲ್ಲಿ ಬೇಗ ಸವೆಯುತ್ತಿವೆ, ಅಂಚು ಹೊಸದರಂತೆಯೇ ಇದೆ. ಸಂಪಾಜೆ ಘಾಟಿಯ ತಿರುವಿನಲ್ಲಿ ಸ್ಟೇರಿಂಗ್ ತಿರುಗಿಸಿದರೆ ಗಾಡಿ ಒಂದು ಕ್ಷಣ ತಡವಾಗಿ ತಿರುಗುತ್ತದೆ, ಮೇಲಿನಿಂದ ತೇಲಿದ ಹಾಗೆ ಆಗುತ್ತದೆ.

"ಅಲೈನ್‌ಮೆಂಟ್ ಮಾಡಿಸಿದ್ದಾಯ್ತು, ಬ್ಯಾಲೆನ್ಸಿಂಗೂ ಆಯ್ತು. ಇನ್ನೇನು ಬಾಕಿ ಇದೆ?" ಅಂತ ಕೇಳಿದರು.

"ಮೊದಲು ರಿಮ್ ಮೇಲೆ ಏನು ಬರೆದಿದೆ ನೋಡೋಣ ಸರ್" ಅಂದೆ.

ಈ ಮೂರೂ ದೂರುಗಳು ಒಂದೇ ಗಾಡಿಯಲ್ಲಿ ಒಟ್ಟಿಗೆ ಬಂದರೆ, ಅದರಲ್ಲೂ ಟೈರ್ ಅಳತೆ ಬದಲಾದ ಮೇಲೆ ಬಂದರೆ, ನನ್ನ ಮೊದಲ ಅನುಮಾನ ರಿಮ್ ಮೇಲೆ. ಆದರೆ ಅನುಮಾನ ಬಂತು ಅಂತ ರಿಮ್ ಬದಲಿಸಲು ಹೇಳಬಾರದು. ಒಂದೊಂದು ದೂರಿಗೂ ಬೇರೆ ಕಾರಣಗಳಿರಬಹುದು. ಅವನ್ನು ಒಂದೊಂದಾಗಿ ತೆಗೆದುಹಾಕಬೇಕು.

ರಿಮ್‌ನ ಅಗಲ ಎಂದರೆ ಯಾವ ಅಳತೆ

ಇಲ್ಲೇ ಬಹಳ ಜನ ಎಡವುತ್ತಾರೆ. ರಿಮ್‌ನ ಅಗಲ ಅಂದರೆ ಹೊರಗಿನ ಅಂಚಿನಿಂದ ಅಂಚಿಗೆ ಹಿಡಿದ ಅಳತೆ ಅಲ್ಲ. ರಿಮ್ ಮೇಲೆ ಕೂರುವ ಟೈರಿನ ಗಟ್ಟಿ ಒಳ ಅಂಚಿಗೆ ಬೀಡ್ ಅನ್ನುತ್ತಾರೆ. ಆ ಬೀಡ್ ಒರಗಿ ಕೂರುವ ರಿಮ್‌ನ ಎರಡು ಅಂಚುಗಳ ಒಳಮುಖಗಳ ನಡುವಿನ ಅಂತರವೇ ರಿಮ್‌ನ ಅಗಲ. ಜೆ ಅನ್ನುವ ಅಕ್ಷರ ಆ ಅಂಚಿನ ಆಕಾರ ಮತ್ತು ಎತ್ತರವನ್ನು ಹೇಳುತ್ತದೆ. ಕಾರು, ಜೀಪುಗಳಲ್ಲಿ ಅದು ಹೆಚ್ಚುಕಡಿಮೆ ಹದಿನೇಳೂವರೆ ಮಿಲಿಮೀಟರ್ ಎತ್ತರ.

ಕಬ್ಬಿಣದ ರಿಮ್ ಆದರೆ ಸಾಮಾನ್ಯವಾಗಿ ವಾಲ್ವ್ ತೂತಿನ ಹತ್ತಿರ ಅಥವಾ ಬೋಲ್ಟ್ ಕೂರುವ ಭಾಗದಲ್ಲಿ ಈ ಅಳತೆಯ ಮುದ್ರೆ ಇರುತ್ತದೆ. ಅಲಾಯ್ ಆದರೆ ಹಿಂಬದಿಯಲ್ಲಿ, ಕಡ್ಡಿಗಳ ಒಳಗೆ ಹುಡುಕಬೇಕು. ಕೆಸರು ಮೆತ್ತಿದ್ದರೆ ತಂತಿ ಬ್ರಷ್‌ನಿಂದ ಉಜ್ಜಿದರೆ ಕಾಣುತ್ತದೆ. ಮುದ್ರೆ ಅಳಿಸಿಹೋಗಿದ್ದರೆ ಟೈರ್ ಬಿಚ್ಚಿ ಒಳಮುಖದಿಂದ ಒಳಮುಖಕ್ಕೆ ಅಳೆಯುವುದೇ ಸರಿಯಾದ ದಾರಿ. ಟೈರ್ ಬಿಚ್ಚಲು ಆಗದಿದ್ದರೆ ಹೊರ ಅಂಚಿನಿಂದ ಹೊರ ಅಂಚಿಗೆ ಅಳೆದು ಸುಮಾರು ಒಂದು ಇಂಚು ಕಳೆಯಿರಿ. ಇದು ಅಂದಾಜು ಮಾತ್ರ. ಅರ್ಧ ಇಂಚಿನ ವ್ಯತ್ಯಾಸ ಮುಖ್ಯವಾಗುವ ಕಡೆ ಈ ಅಂದಾಜನ್ನು ನಂಬಿ ನಿರ್ಧಾರ ಮಾಡಬೇಡಿ.

ಈ ಜಿಮ್ನಿಯ ಐದೂ ರಿಮ್‌ಗಳಲ್ಲಿ 5.5 ಜೆ ಅಂತಲೇ ಇತ್ತು. ಸ್ಟೆಪ್ನಿಯನ್ನೂ ನೋಡಬೇಕು. ಕೆಲವು ಗಾಡಿಗಳಲ್ಲಿ ನಾಲ್ಕು ಚಕ್ರಕ್ಕೆ ಅಲಾಯ್ ಹಾಕಿಸಿ, ಸ್ಟೆಪ್ನಿಗೆ ಹಳೆಯ ರಿಮ್ ಬಿಟ್ಟಿರುತ್ತಾರೆ.

ಮಿತಿ ಎಷ್ಟು

235/75 ಆರ್ 15 ಟೈರಿಗೆ ಒಪ್ಪುವ ರಿಮ್ 6 ಇಂಚಿನಿಂದ 8 ಇಂಚಿನವರೆಗೆ. ಟೈರ್ ಕಂಪನಿ ಅಗಲ ಅಳೆಯಲು ಬಳಸುವ ರಿಮ್ 6.5 ಇಂಚು. ಟೈರಿನ ಮೇಲೆ ಬರೆದ 235 ಮಿಲಿಮೀಟರ್ ಅನ್ನುವುದು ಆ 6.5 ಇಂಚಿನ ರಿಮ್ ಮೇಲೆ ಕೂರಿಸಿದಾಗಿನ ಅಗಲ. ಹಾಗಾಗಿ 5.5 ಇಂಚು ಅನ್ನುವುದು ಅಳತೆಯ ರಿಮ್‌ಗಿಂತ ಒಂದು ಇಂಚು ಕಡಿಮೆ, ಕೆಳಗಿನ ಮಿತಿಗಿಂತ ಅರ್ಧ ಇಂಚು ಕಡಿಮೆ.

ಹೋಲಿಸಿ ನೋಡಲು ಇನ್ನೆರಡು ಅಳತೆ. ಜಿಮ್ನಿಗೆ ಬರುವ 195/80 ಆರ್ 15 ಟೈರಿಗೆ 5 ರಿಂದ 6.5 ಇಂಚು ಸರಿ, ಅಳತೆಯ ರಿಮ್ 5.5. ಅಂದರೆ ಕಂಪನಿಯ ಜೋಡಿ ಸರಿಯಾಗಿ ಹೊಂದುತ್ತದೆ. 215/75 ಆರ್ 15 ಟೈರಿಗೆ 5.5 ರಿಂದ 7 ಇಂಚು, ಅಳತೆಯ ರಿಮ್ 6. ಇದು ಜಿಮ್ನಿಯ ರಿಮ್ ಮೇಲೆ ಕೆಳ ಮಿತಿಯಲ್ಲಿ, ಆದರೆ ಮಿತಿಯ ಒಳಗೇ ಇದೆ. ಈ ಕೊನೆಯ ಅಳತೆಯನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಪಟ್ಟಿ ಕೈಯಲ್ಲಿ ಇಲ್ಲದಾಗ ಅಳತೆಯ ರಿಮ್ ಯಾವುದು ಅಂತ ಲೆಕ್ಕ ಹಾಕಬಹುದು. ಟೈರಿನ ಎರಡನೇ ಸಂಖ್ಯೆ 75 ಅಥವಾ ಅದಕ್ಕಿಂತ ಹೆಚ್ಚಿದ್ದರೆ, ಅಗಲವನ್ನು 0.7 ರಿಂದ ಗುಣಿಸಿ. ಎರಡನೇ ಸಂಖ್ಯೆ 60 ರಿಂದ 70 ಇದ್ದರೆ 0.75 ರಿಂದ ಗುಣಿಸಿ. ಬಂದದ್ದನ್ನು 25.4 ರಿಂದ ಭಾಗಿಸಿ, ಹತ್ತಿರದ ಅರ್ಧ ಇಂಚಿಗೆ ತನ್ನಿ. 235 ಅನ್ನು 0.7 ರಿಂದ ಗುಣಿಸಿದರೆ 164.5. ಅದು 6.48 ಇಂಚು, ಅಂದರೆ 6.5. ಆದರೆ ಮಿತಿಯ ಎರಡು ತುದಿಗಳನ್ನು ಈ ಲೆಕ್ಕದಿಂದ ಹೇಳಲು ಆಗುವುದಿಲ್ಲ. ಅದಕ್ಕೆ ಟೈರ್ ಕಂಪನಿಯ ಪಟ್ಟಿಯನ್ನೇ ನೋಡಬೇಕು. ನಿಮ್ಮ ಲೆಕ್ಕ ಮತ್ತು ನಿಮ್ಮ ರಿಮ್ ನಡುವೆ ಒಂದು ಇಂಚಿನ ವ್ಯತ್ಯಾಸ ಬಂದರೆ ಪಟ್ಟಿ ನೋಡದೆ ಮುಂದೆ ಹೋಗಬೇಡಿ.

ಕಿರಿದಾದ ರಿಮ್ ಮೇಲೆ ಟೈರಿಗೆ ಏನಾಗುತ್ತದೆ

ರಿಮ್‌ನ ಅಗಲ ಅರ್ಧ ಇಂಚು ಬದಲಾದರೆ ಟೈರಿನ ಹೊಟ್ಟೆಯ ಅಗಲ ಸುಮಾರು 5 ಮಿಲಿಮೀಟರ್ ಬದಲಾಗುತ್ತದೆ. ಹೀಗಾಗಿ ಈ 235ರ ಟೈರ್ 5.5 ಇಂಚಿನ ರಿಮ್ ಮೇಲೆ ಸುಮಾರು 225 ಮಿಲಿಮೀಟರ್ ಆಗುತ್ತದೆ. ಇದೇನು ದೊಡ್ಡ ವಿಷಯವಲ್ಲ ಅನ್ನಿಸಬಹುದು. ತೊಂದರೆ ಅಗಲದ್ದಲ್ಲ, ಆಕಾರದ್ದು. ಕೆಳಗಿನ ಎರಡು ಬೀಡ್‌ಗಳು ಹತ್ತಿರ ಬಂದಿವೆ, ಮೇಲಿನ ಪಟ್ಟಿ ಅಷ್ಟೇ ಅಗಲ ಇದೆ. ಪಕ್ಕದ ಗೋಡೆಗಳು ಹೊರಗೆ ಉಬ್ಬುತ್ತವೆ. ರಸ್ತೆಗೆ ತಾಗುವ ಮುಖ ಚಪ್ಪಟೆಯಾಗಿ ಇರುವ ಬದಲು ನಡುವೆ ಎತ್ತರವಾಗಿ ದುಂಡಗಾಗುತ್ತದೆ.

ದುಂಡಗಾದ ಮೇಲೆ ಭಾರವೆಲ್ಲ ಟೈರಿನ ಮುಖದ ನಡುವಿನ ರಬ್ಬರ್ ಗುಂಡಿಗಳ ಮೇಲೆ ಬೀಳುತ್ತದೆ. ಅದರಿಂದ ನಡು ಸವೆತ. ಉಬ್ಬಿದ ಗೋಡೆಗಳು ಅಡ್ಡ ಒತ್ತಡಕ್ಕೆ ಸುಲಭವಾಗಿ ಬಾಗುತ್ತವೆ. ಅದರಿಂದ ತಿರುವಿನಲ್ಲಿ ತಡವಾದ ಸ್ಪಂದನೆ, ತೇಲಾಟ. ಗೋಡೆ ಹೆಚ್ಚು ಬಾಗಿದಷ್ಟೂ ಒಳಗೆ ಬಿಸಿ ಹೆಚ್ಚು. ತೋಟದಲ್ಲಿ ನಿಧಾನವಾಗಿ ಓಡಿಸುವಾಗ ಅದು ಗೊತ್ತಾಗುವುದಿಲ್ಲ. ಮೈಸೂರಿನ ಕಡೆ ಇಳಿದು ಹೆದ್ದಾರಿಯಲ್ಲಿ ಜನ, ಲಗೇಜು ತುಂಬಿಕೊಂಡು ಓಡಿಸುವಾಗ ಆ ಬಿಸಿ ಲೆಕ್ಕಕ್ಕೆ ಬರುತ್ತದೆ.

ಗಾಳಿ ಸೋರುವುದಕ್ಕೂ ಇದೇ ಮೂಲ. ಟ್ಯೂಬ್‌ಲೆಸ್ ಟೈರಿನಲ್ಲಿ ಗಾಳಿ ತಡೆಯುವುದು ಬೀಡ್ ಮತ್ತು ರಿಮ್ ನಡುವಿನ ಒತ್ತು ಮಾತ್ರ. ರಿಮ್‌ನಲ್ಲಿ ಬೀಡ್ ಕೂರುವ ಜಾಗಕ್ಕೆ 5 ಡಿಗ್ರಿ ಇಳಿಜಾರು ಇರುತ್ತದೆ. ಗೋಡೆ ಸರಿಯಾದ ಕೋನದಲ್ಲಿ ಬಂದು ನಿಂತಾಗ ಬೀಡ್‌ನ ತಳ ಪೂರ್ತಿ ಆ ಇಳಿಜಾರಿನ ಮೇಲೆ ಒತ್ತಿ ಕೂರುತ್ತದೆ. ಗೋಡೆ ಹೊರಗೆ ವಾಲಿಕೊಂಡರೆ ಬೀಡ್ ಸ್ವಲ್ಪ ತಿರುಚಿಕೊಂಡು ಒಂದು ಅಂಚಿನ ಮೇಲೆ ಹೆಚ್ಚು, ಇನ್ನೊಂದು ಅಂಚಿನ ಮೇಲೆ ಕಡಿಮೆ ಒತ್ತುತ್ತದೆ. ಗಾಡಿ ನಿಂತಿದ್ದಾಗ ಸೋರದೇ ಇರಬಹುದು. ತಿರುವಿನಲ್ಲಿ, ಕಲ್ಲಿನ ಮೇಲೆ ಹತ್ತಿದಾಗ ಸ್ವಲ್ಪ ಸ್ವಲ್ಪವೇ ಬಿಡುತ್ತದೆ.

ಆಫ್‌ರೋಡ್ ಓಡಿಸುವ ಗೆಳೆಯರು ಇಲ್ಲಿ ಒಂದು ಮಾತು ಹೇಳುತ್ತಾರೆ. ಗಾಳಿ ಇಳಿಸಿ ಕೆಸರಿಗೆ ಹೋಗುವಾಗ ಕಿರಿದಾದ ರಿಮ್ ಇದ್ದರೆ ಟೈರ್ ರಿಮ್‌ನಿಂದ ಕಳಚುವುದು ಕಡಿಮೆ ಅಂತ. ಅದು ನಿಜವೇ. ಅಗಲವಾದ ರಿಮ್‌ಗಿಂತ ಕಿರಿದಾದದ್ದು ಬೀಡನ್ನು ಚೆನ್ನಾಗಿ ಹಿಡಿಯುತ್ತದೆ. ಆದರೆ ಆ ಮಾತು ಮಿತಿಯ ಒಳಗೆ ಮಾತ್ರ ನಿಲ್ಲುತ್ತದೆ. 235ರ ಟೈರಿಗೆ 8 ಇಂಚಿನ ರಿಮ್‌ಗಿಂತ 6 ಅಥವಾ 6.5 ಇಂಚಿನದು ಈ ಕೆಲಸಕ್ಕೆ ಒಳ್ಳೆಯದು ಅನ್ನಲು ಅದು ಸಾಕು. 5.5ಕ್ಕೆ ಇಳಿಯಲು ಅದನ್ನು ಕಾರಣವಾಗಿ ಕೊಡಬಾರದು.

ಬೇರೆ ಕಾರಣಗಳನ್ನು ತೆಗೆದುಹಾಕಿದ್ದು

ನಡು ಸವೆತಕ್ಕೆ ಎಲ್ಲಕ್ಕಿಂತ ಸಾಮಾನ್ಯ ಕಾರಣ ಗಾಳಿ ಜಾಸ್ತಿ ಇರುವುದು. ಹಾಗಾಗಿ ಮೊದಲ ಹೆಜ್ಜೆ ಗಾಳಿ. ಬೆಳಿಗ್ಗೆ, ಗಾಡಿ ಓಡುವ ಮೊದಲು ಅಳೆಯಬೇಕು. ಓಡಿದ ಮೇಲೆ ಟೈರ್ ಬಿಸಿಯಾಗಿ ಮೀಟರ್ ಜಾಸ್ತಿ ತೋರಿಸುತ್ತದೆ. ಈ ಗಾಡಿಯಲ್ಲಿ ಸೋರುವ ಚಕ್ರ ಬಿಟ್ಟು ಉಳಿದ ಮೂರರಲ್ಲಿ 36 ಪಿಎಸ್‌ಐ ಇತ್ತು. ಟೈರ್ ದೊಡ್ಡದು, ಹಾಗಾಗಿ ಗಾಳಿಯೂ ಜಾಸ್ತಿ ಬೇಕು ಅಂತ ಹಾಕಿದವರು ಹೇಳಿದ್ದರಂತೆ. ಇದು ತಲೆಕೆಳಗಾದ ಲೆಕ್ಕ. ಅದೇ ಗಾಡಿಯ ಅದೇ ಭಾರ ಹೊರಲು ದೊಡ್ಡ ಟೈರಿಗೆ ಗಾಳಿ ಹೆಚ್ಚೇನೂ ಬೇಕಾಗುವುದಿಲ್ಲ. ಸಾಮಾನ್ಯವಾಗಿ ಕಡಿಮೆಯೇ ಸಾಕು.

ಗಾಳಿಯನ್ನು ಬಾಗಿಲಿನ ಸ್ಟಿಕ್ಕರ್‌ನಲ್ಲಿ ಇರುವಷ್ಟಕ್ಕೆ ಇಳಿಸಿದೆವು. ಆಮೇಲೆ ಸೀಮೆಸುಣ್ಣದ ಪರೀಕ್ಷೆ. ಟೈರಿನ ಮುಖದ ಮೇಲೆ ಅಂಚಿನಿಂದ ಅಂಚಿಗೆ ಅಡ್ಡವಾಗಿ ದಪ್ಪ ಗೆರೆ ಎಳೆಯಬೇಕು. ಒಣಗಿದ, ಸಮತಟ್ಟಾದ ಸಿಮೆಂಟು ನೆಲದಲ್ಲಿ ನೇರವಾಗಿ, ನಿಧಾನವಾಗಿ ಗಾಡಿಯನ್ನು ಸ್ವಲ್ಪ ದೂರ ಓಡಿಸಬೇಕು. ಕಾಫಿ ಒಣಗಿಸುವ ಕಣ ಇದಕ್ಕೆ ಹೇಳಿ ಮಾಡಿಸಿದ ಜಾಗ. ಸುಣ್ಣ ಎಲ್ಲಿ ಅಳಿಸಿದೆಯೋ ಅಲ್ಲಿ ಟೈರ್ ನೆಲ ಮುಟ್ಟುತ್ತಿದೆ. ಅಗಲವೆಲ್ಲ ಒಂದೇ ಸಮ ಅಳಿಸಿದರೆ ಸರಿ. ಈ ಟೈರಿನಲ್ಲಿ ನಡುವಿನ ಸುಣ್ಣ ಪೂರ್ತಿ ಹೋಗಿತ್ತು, ಎರಡೂ ಅಂಚಿನ ಗುಂಡಿಗಳ ಮೇಲೆ ಹಾಗೇ ಉಳಿದಿತ್ತು.

ಇಲ್ಲಿಂದಲೇ ದಾರಿ ಬೇರೆಯಾಗುತ್ತದೆ. ಗಾಳಿ ಇಳಿಸಿದ ಮೇಲೆ ಸುಣ್ಣ ಅಗಲವಾಗಿ ಅಳಿಸಿದ್ದರೆ ದೋಷ ಗಾಳಿಯದು. ರಿಮ್ ಸುದ್ದಿಯೇ ಬೇಡ. ಗಾಳಿ ಸರಿಗೆ ತಂದ ಮೇಲೂ ಅಂಚು ಮುಟ್ಟದೇ ಹೋದರೆ ಆಕಾರವೇ ತಪ್ಪಿದೆ. ಅಂಚು ಮುಟ್ಟುವವರೆಗೂ ಗಾಳಿ ಇಳಿಸುತ್ತಾ ಹೋಗೋಣ ಅಂದರೆ ಅದು ಪರಿಹಾರವಲ್ಲ. ಮೊದಲೇ ಮೆತ್ತಗಿರುವ ಗೋಡೆ ಇನ್ನೂ ಮೆತ್ತಗಾಗುತ್ತದೆ, ತಿರುವಿನ ತೇಲಾಟ ಹೆಚ್ಚುತ್ತದೆ, ಬೀಡ್‌ನ ಹಿಡಿತ ಇನ್ನೂ ಸಡಿಲವಾಗುತ್ತದೆ. ಗಾಳಿ ಏರಿಸಿದರೆ ನಡು ಸವೆಯುತ್ತದೆ, ಇಳಿಸಿದರೆ ಗಾಡಿ ತೇಲುತ್ತದೆ. ಎರಡರ ನಡುವೆ ಸರಿಯಾದ ಜಾಗವೇ ಸಿಗದಿರುವುದು ಕಿರಿದಾದ ರಿಮ್‌ನ ಖಚಿತ ಗುರುತು.

ಅಲೈನ್‌ಮೆಂಟ್‌ನ ದೋಷ ಹೀಗೆ ಕಾಣುವುದಿಲ್ಲ. ಟೋ, ಅಂದರೆ ಮೇಲಿನಿಂದ ನೋಡಿದಾಗ ಚಕ್ರ ಒಳಕ್ಕೋ ಹೊರಕ್ಕೋ ತಿರುಗಿರುವ ಕೋನ, ತಪ್ಪಿದ್ದರೆ ಗುಂಡಿಗಳ ಒಂದು ಬದಿ ನುಣುಪು, ಇನ್ನೊಂದು ಬದಿ ಚೂಪು ಆಗುತ್ತದೆ. ಟೈರಿನ ಅಡ್ಡಕ್ಕೆ ಅಂಗೈ ಸವರಿದರೆ ಒಂದು ದಿಕ್ಕಿನಲ್ಲಿ ಮಾತ್ರ ಚುಚ್ಚುತ್ತದೆ. ಕ್ಯಾಂಬರ್, ಅಂದರೆ ಚಕ್ರದ ಮೇಲ್ಭಾಗ ಒಳಕ್ಕೋ ಹೊರಕ್ಕೋ ವಾಲಿರುವ ಕೋನ, ತಪ್ಪಿದ್ದರೆ ಒಂದೇ ಅಂಚು ಸವೆಯುತ್ತದೆ. ನಾಲ್ಕೂ ಟೈರ್ ಸಮವಾಗಿ ನಡುವಿನಲ್ಲಿ ಸವೆಯುವುದಕ್ಕೆ ಅಲೈನ್‌ಮೆಂಟ್ ಕಾರಣವಾಗಲಾರದು.

ಇನ್ನು ಸೋರಿಕೆ. ಮಡಿಕೇರಿಯಲ್ಲಿ ಮಧ್ಯಾಹ್ನ ಗಾಳಿ ತುಂಬಿಸಿ ಚಳಿಗಾಲದ ಮುಂಜಾನೆ ಅಳೆದರೆ ಒಂದೆರಡು ಪಿಎಸ್‌ಐ ಕಡಿಮೆ ಕಾಣುತ್ತದೆ. ಅದು ಚಳಿಯಿಂದ. ಆಗ ನಾಲ್ಕೂ ಚಕ್ರದಲ್ಲಿ ಒಂದೇ ಸಮ ಇಳಿದಿರುತ್ತದೆ. ಒಂದೇ ಚಕ್ರದಲ್ಲಿ ಇಳಿದರೆ ಸೋರಿಕೆ. ಚಕ್ರ ಬಿಚ್ಚಿ ನೀರಿನ ತೊಟ್ಟಿಯಲ್ಲಿ ಮುಳುಗಿಸಿದೆವು. ವಾಲ್ವ್‌ನಲ್ಲಿ ಗುಳ್ಳೆ ಇಲ್ಲ, ಮುಖದಲ್ಲೂ ಇಲ್ಲ. ಟೈರನ್ನು ಒಂದು ಬದಿಗೆ ಬಲವಾಗಿ ಒತ್ತಿದಾಗ ಒಳಬದಿಯ ಬೀಡ್‌ನಿಂದ ಸಣ್ಣ ಗುಳ್ಳೆಗಳು ಬಂದವು. ಒಂದೇ ಜಾಗದಿಂದ ಅಲ್ಲ, ಒಂದು ಗೇಣು ಉದ್ದಕ್ಕೆ ಸಾಲಾಗಿ.

ಬೀಡ್‌ನಿಂದ ಸೋರಿದ ಮಾತ್ರಕ್ಕೆ ಅಗಲದ ತಪ್ಪು ಅನ್ನಬಾರದು. ನಮ್ಮ ಮಳೆಗೆ ಕಬ್ಬಿಣದ ರಿಮ್ ಬೀಡ್ ಕೂರುವ ಜಾಗದಲ್ಲೇ ತುಕ್ಕು ಹಿಡಿಯುತ್ತದೆ. ಅಲಾಯ್ ಆದರೆ ಬಿಳಿ ಪುಡಿ ಏಳುತ್ತದೆ. ಕಲ್ಲಿಗೆ ಬಡಿದು ಅಂಚು ಬಾಗಿದ್ದರೂ ಸೋರುತ್ತದೆ. ಟೈರ್ ಬಿಚ್ಚಿ ನೋಡಿದಾಗ ರಿಮ್ ಸ್ವಚ್ಛವಾಗಿತ್ತು. ಬ್ಯಾಲೆನ್ಸಿಂಗ್ ಮೆಷಿನ್ ಮೇಲೆ ತಿರುಗಿಸಿದಾಗ ಅಂಚೂ ನೆಟ್ಟಗಿತ್ತು. ಆದರೆ ಟೈರಿನ ಬೀಡ್‌ನ ತಳದಲ್ಲಿ ರಿಮ್‌ಗೆ ಒತ್ತಿದ ಗುರುತು ಪೂರ್ತಿ ಅಗಲಕ್ಕೆ ಇರಲಿಲ್ಲ, ಒಂದು ಅಂಚಿನಲ್ಲಿ ಕಿರಿದಾದ ಹೊಳಪಿನ ಪಟ್ಟಿ ಮಾತ್ರ ಇತ್ತು. ಬೀಡ್ ತಿರುಚಿಕೊಂಡು ಕೂತಿತ್ತು ಅನ್ನುವುದಕ್ಕೆ ಅದು ಸಾಕ್ಷಿ.

ಟೈರ್ ಬಿಚ್ಚದೆ ನೋಡುವ ಒಂದು ದಾರಿಯೂ ಇದೆ. ಪಕ್ಕದ ಗೋಡೆಯಲ್ಲಿ, ರಿಮ್ ಅಂಚಿನ ಸ್ವಲ್ಪ ಮೇಲೆ, ಸುತ್ತಲೂ ಒಂದು ತೆಳು ಗೆರೆ ಅಚ್ಚಾಗಿರುತ್ತದೆ. ರಿಮ್ ಅಂಚಿನಿಂದ ಆ ಗೆರೆಗೆ ಇರುವ ದೂರ ಸುತ್ತಲೂ ಒಂದೇ ಇರಬೇಕು. ಎಲ್ಲೋ ಒಂದು ಕಡೆ ಗೆರೆ ಒಳಗೆ ಮುಳುಗಿದ್ದರೆ ಅಲ್ಲಿ ಬೀಡ್ ಕೂತಿಲ್ಲ.

ಅಗಲ ಜಾಸ್ತಿಯಾದಾಗ

ಇದಕ್ಕೆ ಉಲ್ಟಾ ತಪ್ಪು ಕುಶಾಲನಗರ, ಮಡಿಕೇರಿಯ ಸಣ್ಣ ಕಾರುಗಳಲ್ಲಿ ಕಾಣುತ್ತದೆ. ಹುಡುಗರು ನೋಟಕ್ಕೆ ಅಂತ ಅಗಲದ ಅಲಾಯ್ ತಂದು, ಇದ್ದ ಟೈರನ್ನೇ ಅದಕ್ಕೆ ಎಳೆದು ಹಾಕಿಸುತ್ತಾರೆ. 185/65 ಆರ್ 15 ಟೈರಿಗೆ 5 ರಿಂದ 6.5 ಇಂಚು ಮಿತಿ, ಅಳತೆಯ ರಿಮ್ 5.5. ಅದನ್ನು 7.5 ಇಂಚಿನ ರಿಮ್‌ಗೆ ಹಾಕಿದರೆ ಏನಾಗುತ್ತದೆ ಅಂತ ಲೆಕ್ಕ ಮಾಡಿ. ರಿಮ್ ಎರಡು ಇಂಚು ಹೆಚ್ಚಾಯಿತು, ಅಂದರೆ ಟೈರ್ ಸುಮಾರು 20 ಮಿಲಿಮೀಟರ್ ಹಿಗ್ಗಿ 205 ಆಗುತ್ತದೆ. ಆದರೆ ಆ ರಿಮ್‌ನ ಹೊರ ಅಂಚಿನಿಂದ ಅಂಚಿಗೆ ಸುಮಾರು 215. ರಿಮ್ ಟೈರಿಗಿಂತ ಹೊರಗೆ ಬಂತು.

ಇಲ್ಲಿ ಟೈರಿನ ಮುಖ ನಡುವೆ ತಗ್ಗುತ್ತದೆ, ಎರಡೂ ಅಂಚು ಸವೆಯುತ್ತವೆ. ನೋಡಲು ಗಾಳಿ ಕಡಿಮೆ ಇದ್ದ ಹಾಗೇ ಇರುತ್ತದೆ. ಗಾಳಿ ಏರಿಸಿದರೂ ಸೀಮೆಸುಣ್ಣ ಅಂಚಿನಲ್ಲೇ ಅಳಿಸುತ್ತಿದ್ದರೆ ರಿಮ್ ಅನ್ನು ಅನುಮಾನಿಸಿ. ಎಳೆದು ನಿಂತ ಗೋಡೆಗೆ ಬಾಗಿ ಪೆಟ್ಟು ತಾಳುವ ಶಕ್ತಿ ಇರುವುದಿಲ್ಲ. ತೋಟದ ಗೇಟಿನ ಮುಂದಿನ ಒಂದು ಹೊಂಡ ಸಾಕು, ಗೋಡೆ ರಿಮ್ ಮತ್ತು ಕಲ್ಲಿನ ನಡುವೆ ಸಿಕ್ಕಿ ಒಳಗಿನ ದಾರಗಳು ತುಂಡಾಗುತ್ತವೆ. ಆಮೇಲೆ ಪಕ್ಕದಲ್ಲಿ ಬುಗುಟು ಏಳುತ್ತದೆ. ಬುಗುಟು ಎದ್ದ ಟೈರ್ ಅನ್ನು ಸ್ಟೆಪ್ನಿಯಾಗಿಯೂ ಇಟ್ಟುಕೊಳ್ಳಬಾರದು.

ಎರಡು ತಪ್ಪುಗಳಲ್ಲಿ ಯಾವುದು ಹೆಚ್ಚು ಅಪಾಯ ಅಂತ ಕೇಳಿದರೆ ನಾನು ಎಳೆದ ಟೈರನ್ನೇ ತೋರಿಸುತ್ತೇನೆ. ಗಾಳಿ ಸ್ವಲ್ಪ ಇಳಿದು ತಿರುವಿನಲ್ಲಿ ಅಡ್ಡ ಒತ್ತಡ ಬಿದ್ದರೆ ಬೀಡ್ ಒಳಕ್ಕೆ ಜಾರಿ ಇದ್ದ ಗಾಳಿಯೆಲ್ಲ ಒಮ್ಮೆಲೇ ಹೋಗಬಹುದು. ಮಾಕುಟ್ಟದಂಥ ಘಾಟಿಯಲ್ಲಿ ಅದಾದರೆ ಸಾವರಿಸಿಕೊಳ್ಳಲು ಜಾಗವೇ ಇಲ್ಲ.

ಆ ಜಿಮ್ನಿಗೆ ಏನು ಮಾಡಿದೆವು

ಎರಡು ದಾರಿ ಇದ್ದವು. ಒಂದು, ಟೈರ್ ಉಳಿಸಿಕೊಂಡು 6.5 ಇಂಚಿನ ರಿಮ್ ಹಾಕುವುದು. ಆಗ ಐದು ಬೋಲ್ಟಿನ 139.7 ಮಿಲಿಮೀಟರ್ ವೃತ್ತ, ನಡುವಿನ ತೂತು, ಬೋಲ್ಟ್ ಕೂರುವ ಮುಖ ರಿಮ್‌ನ ನಡುವಿನಿಂದ ಎಷ್ಟು ಸರಿದಿದೆ ಅನ್ನುವ ಆಫ್‌ಸೆಟ್ ಎಲ್ಲವೂ ಹೊಂದಬೇಕು. ಆಫ್‌ಸೆಟ್ ಅದೇ ಇಟ್ಟರೂ ಒಂದು ಇಂಚು ಅಗಲದ ರಿಮ್ ಒಳಗೂ ಹೊರಗೂ 12.7 ಮಿಲಿಮೀಟರ್ ಹೆಚ್ಚು ಜಾಗ ಕೇಳುತ್ತದೆ. ಜೊತೆಗೆ 235/75 ಟೈರಿನ ಒಟ್ಟು ಎತ್ತರ ಸುಮಾರು 733 ಮಿಲಿಮೀಟರ್, ಕಂಪನಿಯ ಟೈರಿನದು 693. ಸ್ಟೇರಿಂಗ್ ಪೂರ್ತಿ ತಿರುಗಿಸಿದಾಗ, ಒಂದು ಚಕ್ರ ಕಲ್ಲಿನ ಮೇಲೆ ಹತ್ತಿದಾಗ ಉಜ್ಜುತ್ತದೆಯೇ ನೋಡಲೇಬೇಕು. ಸ್ಪೀಡೋಮೀಟರ್ ಕೂಡ ಮೊದಲಿಗಿಂತ ಸುಮಾರು ನೂರಕ್ಕೆ ಆರರಷ್ಟು ಕಡಿಮೆ ತೋರಿಸುತ್ತದೆ.

ಇನ್ನೊಂದು, ರಿಮ್ ಉಳಿಸಿಕೊಂಡು 215/75 ಆರ್ 15 ಟೈರಿಗೆ ಬರುವುದು. 5.5 ಇಂಚಿನ ಮೇಲೆ ಅದರ ಅಗಲ ಸುಮಾರು 210 ಮಿಲಿಮೀಟರ್, ಎತ್ತರ ಸುಮಾರು 703. ಅಂದರೆ ಮೊದಲಿನದಕ್ಕಿಂತ 10 ಮಿಲಿಮೀಟರ್ ಮಾತ್ರ ಹೆಚ್ಚು.

"ತೋಟದ ಕೆಸರಿಗೆ ಅಷ್ಟು ಸಾಕಾ?" ಅಂತ ಅವರು ಕೇಳಿದರು.

"ಕೆಸರಿನಲ್ಲಿ ಎಳೆಯೋದು ಗುಂಡಿಯ ವಿನ್ಯಾಸ ಸರ್. ಇಪ್ಪತ್ತು ಮಿಲಿಮೀಟರ್ ಅಗಲಕ್ಕಿಂತ ಅದೇ ಮುಖ್ಯ. ಇದೇ ಅಳತೆಯಲ್ಲಿ ಒರಟು ಗುಂಡಿಯ ಟೈರ್ ತಗೊಳ್ಳಿ" ಅಂದೆ.

ಟೈರ್ ತೆಗೆದುಕೊಳ್ಳುವಾಗ, ಅದು ಎಷ್ಟು ಭಾರ ಹೊರುತ್ತದೆ ಅಂತ ಹೇಳುವ ಭಾರದ ಸಂಖ್ಯೆ ಕಂಪನಿಯ ಟೈರಿನದಕ್ಕಿಂತ ಕಡಿಮೆ ಇರದಂತೆ ನೋಡಿಕೊಂಡೆವು. ಅವರು ಇದನ್ನೇ ಒಪ್ಪಿದರು. ಹಾಕಿದ ಮೇಲೆ ಸ್ಟಿಕ್ಕರ್‌ನ ಗಾಳಿಯಲ್ಲೇ ಅವರ ಕಣದಲ್ಲಿ ಮತ್ತೆ ಸುಣ್ಣ ಎಳೆದು ಓಡಿಸಿದೆವು. ಅಂಚಿನ ಗುಂಡಿಗಳ ಸುಣ್ಣವೂ ಅಳಿಸಿತು, ತೀರಾ ಹೊರ ಅಂಚಿನಲ್ಲಿ ಮಾತ್ರ ತೆಳುವಾಗಿ ಉಳಿಯಿತು. ಕೆಳ ಮಿತಿಯ ರಿಮ್ ಮೇಲೆ ಅಷ್ಟು ಉಳಿಯುವುದು ಸಹಜ. ಹಿಂದಿನ ಎಡ ಚಕ್ರದ ಗಾಳಿಯನ್ನು ಪ್ರತಿ ವಾರ ಬೆಳಿಗ್ಗೆ ಅಳೆದು ಬರೆದಿಡಲು ಹೇಳಿದ್ದೆ. ಉಳಿದ ಮೂರು ಚಕ್ರ ಇಳಿದಷ್ಟೇ ಅದೂ ಇಳಿಯುತ್ತಿದೆ. ಸವೆತವನ್ನು 5,000 ಕಿಲೋಮೀಟರ್ ಆದ ಮೇಲೆ, ಚಕ್ರ ಅದಲುಬದಲು ಮಾಡುವಾಗ, ನಡು ಮತ್ತು ಅಂಚಿನ ಆಳ ಬೇರೆ ಬೇರೆ ಅಳೆದು ನೋಡುತ್ತೇವೆ.